ನಿಮ್ಮ ಮೊದಲ ಸಹಿ: ಮೈಸೂರು, ಮಂಡ್ಯದ ಹೊಸ ಎಂಜಿನಿಯರುಗಳಿಗೆ ಒಂದು ಬಹಿರಂಗ ಪತ್ರ

ಈ ವರ್ಷ ಮೈಸೂರು ಮತ್ತು ಮಂಡ್ಯದ ಕಾಲೇಜುಗಳಿಂದ ಎಂಜಿನಿಯರಿಂಗ್ ಪದವಿ ಪಡೆದ ಎಲ್ಲರಿಗೂ ನಮಸ್ಕಾರಗಳು.

ಘಟಿಕೋತ್ಸವದಲ್ಲಿ ಮಾತನಾಡಲು ಕರೆದಾಗ ವಿಷಯವನ್ನೂ ಸೂಚಿಸಿದ್ದರು: ಜೀವನಪರ್ಯಂತ ಕಲಿಕೆ ಮತ್ತು ವೃತ್ತಿಯಲ್ಲಿನ ನೀತಿ. ವೇದಿಕೆಯ ಮೇಲೆ ಸಿಗುವ ಸಮಯದಲ್ಲಿ ಇದನ್ನು ಮೇಲುಮೇಲಕ್ಕೆ ಮಾತ್ರ ಹೇಳಲು ಸಾಧ್ಯ. ಹಾಗೆ ಹೇಳಿದರೆ ನಿಮಗೆ ಉಪಯೋಗವಾಗದು ಎಂದು ನನಗೆ ಅನ್ನಿಸಿತು. ಆದ್ದರಿಂದ ಹೇಳಬೇಕಾದದ್ದನ್ನು ಪೂರ್ತಿಯಾಗಿ ಬರೆದು ಬಹಿರಂಗವಾಗಿ ನಿಮ್ಮ ಮುಂದಿಡುತ್ತಿದ್ದೇನೆ. ನಿಮ್ಮ ತಂದೆತಾಯಿಗಳು, ಅಧ್ಯಾಪಕರು, ಮುಂದೆ ನಿಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳುವ ಗುತ್ತಿಗೆದಾರರು ಮತ್ತು ಹಿರಿಯ ಎಂಜಿನಿಯರುಗಳು ಇದನ್ನು ಓದಬೇಕೆಂಬುದು ನನ್ನ ಆಸೆ. ನಾನು ಕಟ್ಟಡಗಳ ವಿನ್ಯಾಸದಲ್ಲಿ ಮತ್ತು ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದವನು. ಹಾಗಾಗಿ ಉದಾಹರಣೆಯನ್ನು ಸಿವಿಲ್ ವಿಭಾಗದಿಂದಲೇ ಕೊಡುತ್ತೇನೆ. ಬೇರೆ ವಿಭಾಗದವರಿಗೂ ತಮ್ಮ ಕೆಲಸದಲ್ಲಿ ಇಂಥದೇ ಒಂದು ಪರೀಕ್ಷೆ, ಇಂಥದೇ ಒಂದು ವರದಿ, ಅದರ ಕೆಳಗೆ ಸಹಿಗೆ ಬಿಟ್ಟ ಇಂಥದೇ ಒಂದು ಜಾಗ ಬೇಗನೆ ಎದುರಾಗುತ್ತದೆ.

ನಿಮ್ಮಲ್ಲಿ ಸೈಟ್ ಎಂಜಿನಿಯರ್ ಆಗಿ ಸೇರುವವರು ಮೊದಲ ತಿಂಗಳಿನಲ್ಲಿಯೇ ಸಹಿ ಮಾಡಬೇಕಾಗುವ ದಾಖಲೆ ಬಹುಮಟ್ಟಿಗೆ ಕಾಂಕ್ರೀಟಿನ ಬಲಪರೀಕ್ಷೆಯ ಫಲಿತಾಂಶ ಬರೆದಿಡುವ ಕ್ಯೂಬ್ ರಿಜಿಸ್ಟರ್. ವಿನ್ಯಾಸದ ನಕ್ಷೆಗೆ ಸಹಿ ಮಾಡುವ ಅಧಿಕಾರ ಬರಲು ವರ್ಷಗಳು ಬೇಕು. ಕ್ಯೂಬ್ ರಿಜಿಸ್ಟರನ್ನು ಮಾತ್ರ ಹೊಸಬರ ಕೈಗೇ ಕೊಡುತ್ತಾರೆ, ಏಕೆಂದರೆ ಅದು ಸಣ್ಣ ಕೆಲಸವೆಂಬ ಭಾವನೆ ಎಲ್ಲರಲ್ಲಿದೆ. ಆದರೆ ಕಾಂಕ್ರೀಟ್ ಎಷ್ಟು ಗಟ್ಟಿಯಾಗಿದೆ ಎಂಬುದಕ್ಕೆ ಮಾಲೀಕನ ಕೈಯಲ್ಲಿ ಉಳಿಯುವ ಲಿಖಿತ ಸಾಕ್ಷ್ಯ ಅದೊಂದೇ. ಕಾಂಕ್ರೀಟ್ ಒಮ್ಮೆ ಗಟ್ಟಿಯಾಗಿ, ಮೇಲೆ ಗಿಲಾವು ಬಿದ್ದ ಮೇಲೆ ಒಳಗಿನದನ್ನು ಯಾರೂ ಕಣ್ಣಿನಿಂದ ನೋಡಿ ಹೇಳಲಾರರು.

ಪರೀಕ್ಷೆಯ ಕ್ರಮ ನಿಮಗೆ ಗೊತ್ತಿರುವುದೇ, ಆದರೂ ಸಿವಿಲ್ ಅಲ್ಲದವರಿಗಾಗಿ ಹೇಳುತ್ತೇನೆ. ಪ್ರತಿ ಬದಿ 150 ಮಿಲಿಮೀಟರ್ ಇರುವ ಎರಕದ ಕಬ್ಬಿಣದ ಅಚ್ಚಿಗೆ ಹಸಿ ಕಾಂಕ್ರೀಟನ್ನು ಮೂರು ಪದರಗಳಲ್ಲಿ ತುಂಬುತ್ತಾರೆ. ಪ್ರತಿ ಪದರವನ್ನೂ 16 ಮಿಲಿಮೀಟರ್ ದಪ್ಪದ ಕಂಬಿಯಿಂದ ಕನಿಷ್ಠ 35 ಸಲ ಕುಟ್ಟಬೇಕು. ಒಂದು ದಿನ ಕಳೆದ ಮೇಲೆ ಅಚ್ಚು ಬಿಚ್ಚಿ, ತುಂಡನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿಡಬೇಕು. ಎರಕ ಹೊಯ್ದ 28ನೇ ದಿನ ಅದನ್ನು ಯಂತ್ರದಲ್ಲಿಟ್ಟು ಒಂದೇ ಗತಿಯಲ್ಲಿ ಒತ್ತುತ್ತಾ ಹೋಗಿ, ಎಷ್ಟು ಭಾರಕ್ಕೆ ಒಡೆಯಿತೆಂದು ಬರೆದುಕೊಳ್ಳಬೇಕು. ಇಂಥ ಮೂರು ಕ್ಯೂಬುಗಳ ಸರಾಸರಿ ಒಂದು ಸ್ಯಾಂಪಲ್ಲಿನ ಫಲಿತಾಂಶವಾಗುತ್ತದೆ. ಎಂ25 ದರ್ಜೆಯ ಕಾಂಕ್ರೀಟೆಂದರೆ ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಡೆಯಬೇಕಾದದ್ದು. ಕ್ಯೂಬಿನ ಮುಖದ ವಿಸ್ತೀರ್ಣ 22,500 ಚದರ ಮಿಲಿಮೀಟರ್ ಆದ್ದರಿಂದ ಯಂತ್ರದ ಮುಳ್ಳು 562.5 ಕಿಲೋನ್ಯೂಟನ್ ತಲುಪಿದರೆ 25 ನ್ಯೂಟನ್ ಆಯಿತೆಂದು ಲೆಕ್ಕ.

ಇನ್ನು ಪ್ರಕರಣಕ್ಕೆ ಬರುತ್ತೇನೆ. ಮಂಡ್ಯದ ಹತ್ತಿರ ಕಟ್ಟುತ್ತಿದ್ದ ಒಂದು ವಿದ್ಯಾರ್ಥಿನಿಲಯದ ಚಾವಣಿ ಅದು. ಕಟ್ಟಡದ ಹೆಸರಾಗಲಿ, ಗುತ್ತಿಗೆದಾರರ ಹೆಸರಾಗಲಿ ಇಲ್ಲಿ ಬೇಕಿಲ್ಲ. ಅದರ ವಿನ್ಯಾಸ ನನ್ನದು. ಸೈಟಿನಲ್ಲಿದ್ದವರು ಕಾಲೇಜು ಮುಗಿಸಿ ವರ್ಷವೂ ತುಂಬದ ಒಬ್ಬ ಕಿರಿಯ ಎಂಜಿನಿಯರ್. ಆ ದಿನ ಒಟ್ಟು 28 ಘನ ಮೀಟರ್ ಎಂ25 ಕಾಂಕ್ರೀಟ್ ಬೇಕಿತ್ತು. ಒಂದೊಂದರಲ್ಲಿ 6 ಘನ ಮೀಟರ್ ಇದ್ದ ನಾಲ್ಕು ಟ್ರಾನ್ಸಿಟ್ ಮಿಕ್ಸರ್ ಲಾರಿಗಳು ಮಧ್ಯಾಹ್ನದೊಳಗೆ ಬಂದು ಖಾಲಿಯಾದವು. ಉಳಿದ 4 ಘನ ಮೀಟರ್ ಹೊತ್ತ ಐದನೆಯ ಲಾರಿ, ಕಾರ್ಖಾನೆಯ ದಾರಿಯಲ್ಲಿ ಸಾಲುಗಟ್ಟಿ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಹಾಕಿಕೊಂಡು ಬಹಳ ತಡವಾಗಿ ತಲುಪಿತು. ನುರಿಯುವ ಹಂಗಾಮಿನಲ್ಲಿ ಮಂಡ್ಯದ ರಸ್ತೆಗಳನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ.

ಬಿಸಿಲಿನಲ್ಲಿ ತಡವಾದ ಕಾಂಕ್ರೀಟ್ ಬಿಗಿಯುತ್ತದೆ, ಪಂಪಿನ ಪೈಪಿನಲ್ಲಿ ಹರಿಯುವುದಿಲ್ಲ. ಆಗ ಮಾಡಬೇಕಾದದ್ದು ಎರಡರಲ್ಲಿ ಒಂದು. ಕಾಂಕ್ರೀಟ್ ಪ್ಲಾಂಟಿನ ತಂತ್ರಜ್ಞರನ್ನು ಕೇಳಿ, ಅವರು ಒಪ್ಪುವ ಪ್ರಮಾಣದಲ್ಲಿ, ಹರಿವನ್ನು ಹೆಚ್ಚಿಸುವ ರಾಸಾಯನಿಕವನ್ನು ಬೆರೆಸಿ ಡ್ರಮ್ಮನ್ನು ಚೆನ್ನಾಗಿ ತಿರುಗಿಸುವುದು. ಅದಕ್ಕೂ ಕಾಲ ಮೀರಿದ್ದರೆ ಲಾರಿಯನ್ನು ಹಿಂದಕ್ಕೆ ಕಳಿಸುವುದು. ಅಂದು ಹಾಗಾಗಲಿಲ್ಲ. ಕಿರಿಯ ಎಂಜಿನಿಯರ್ ಚಾವಣಿಯ ಇನ್ನೊಂದು ಕೊನೆಯಲ್ಲಿ ವೈಬ್ರೇಟರ್ ಕೆಲಸ ನೋಡುತ್ತಿದ್ದಾಗ, ಕೆಳಗಿದ್ದವರು 20 ಲೀಟರಿನ ಬಕೆಟ್ಟಿನಿಂದ ಎಂಟು ಬಕೆಟ್ ನೀರನ್ನು ಲಾರಿಯ ಡ್ರಮ್ಮಿಗೆ ಸುರಿದರು. ಇದು ಆಮೇಲೆ ಗೊತ್ತಾದ ಸಂಗತಿ.

ಎಂಟು ಬಕೆಟ್ಟೆಂದರೆ ಎಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಆ ಮಿಶ್ರಣದಲ್ಲಿ ಪ್ರತಿ ಘನ ಮೀಟರಿಗೆ 340 ಕಿಲೋ ಸಿಮೆಂಟ್, 170 ಲೀಟರ್ ನೀರು. ಅಂದರೆ ಸಿಮೆಂಟಿನ ತೂಕದ ಅರ್ಧದಷ್ಟು ನೀರು, ಅನುಪಾತ 0.50. ನಾಲ್ಕು ಘನ ಮೀಟರಿಗೆ 160 ಲೀಟರ್ ಸೇರಿಸಿದರೆ ಪ್ರತಿ ಘನ ಮೀಟರಿಗೆ 40 ಲೀಟರ್ ಹೆಚ್ಚಿ, ನೀರು 210 ಲೀಟರ್ ಆಗುತ್ತದೆ, ಅನುಪಾತ 0.62ರ ಹತ್ತಿರಕ್ಕೆ ಹೋಗುತ್ತದೆ. ಸಿಮೆಂಟ್ ತನ್ನೊಳಗೆ ಹಿಡಿದಿಟ್ಟುಕೊಳ್ಳಲಾರದ ನೀರು ಕ್ರಮೇಣ ಆರಿಹೋಗಿ, ಅದು ಇದ್ದ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಟೊಳ್ಳುಗಳು ಉಳಿಯುತ್ತವೆ. ಕಾಂಕ್ರೀಟಿನ ಬಲ ಕುಗ್ಗುವುದು ಇದರಿಂದ. ಅದೇ ದಾರಿಯಲ್ಲಿ ಮುಂದೆ ತೇವ ಇಳಿದು ಕಂಬಿಗೆ ತುಕ್ಕು ಹಿಡಿಯುವುದು ಇನ್ನೊಂದು ಕೇಡು. ಅದು ಬೆಳಕಿಗೆ ಬರುವ ಹೊತ್ತಿಗೆ ಗುತ್ತಿಗೆದಾರರ ಹೊಣೆಯ ಅವಧಿ ಮುಗಿದುಹೋಗಿರುತ್ತದೆ. ನೀರು ಹಾಕಿದವರಿಗೆ ಕೆಡುಕಿನ ಉದ್ದೇಶವೇನೂ ಇರಲಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ಪಂಪ್ ನಿಂತರೆ ಪೈಪಿನೊಳಗಿನ ಕಾಂಕ್ರೀಟ್ ಗಟ್ಟಿಯಾಗುತ್ತದೆ ಎಂಬ ಆತಂಕ ಅವರದು, ಮತ್ತು ನೀರು ಹಾಕಿದರೆ ಕೆಲಸ ಸಲೀಸಾಗುತ್ತದೆ ಎಂಬುದು ಅವರು ದಿನವೂ ಕಣ್ಣಾರೆ ಕಂಡ ಸತ್ಯ. ಅದರ ಬೆಲೆ 28 ದಿನ ಕಳೆದ ಮೇಲೆ ಬೇರೊಂದು ಕೋಣೆಯಲ್ಲಿ, ಬೇರೊಂದು ಯಂತ್ರದ ಮುಳ್ಳಿನಲ್ಲಿ ತೋರುತ್ತದೆ. ಆ ಕೋಣೆಗೆ ಅವರನ್ನು ಯಾರೂ ಎಂದೂ ಕರೆದುಕೊಂಡು ಹೋಗಿರಲಿಲ್ಲ.

ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐ.ಎಸ್. 456ರ ಪ್ರಕಾರ 16ರಿಂದ 30 ಘನ ಮೀಟರಿನವರೆಗಿನ ಕಾಂಕ್ರೀಟಿಗೆ ಕನಿಷ್ಠ ಮೂರು ಸ್ಯಾಂಪಲ್ ಬೇಕು. ಆ ಕಿರಿಯ ಎಂಜಿನಿಯರ್ ಮೊದಲನೆಯ, ಮೂರನೆಯ ಮತ್ತು ಐದನೆಯ ಲಾರಿಗಳಿಂದ ಸ್ಯಾಂಪಲ್ ತೆಗೆದಿದ್ದರು. 28 ದಿನದ ಕ್ಯೂಬುಗಳ ಜೊತೆಗೆ 7 ದಿನಕ್ಕೆಂದು ಬೇರೆ ಕ್ಯೂಬುಗಳನ್ನೂ ಮಾಡಿದ್ದರು. ಮೂರೂ ಸ್ಯಾಂಪಲ್ಲುಗಳನ್ನು ಕಾಂಕ್ರೀಟ್ ಲಾರಿಯಿಂದ ಪಂಪಿಗೆ ಬೀಳುವ ಜಾಗದಲ್ಲೇ ತೆಗೆದಿದ್ದರು. ಇದು ಸಣ್ಣ ವಿವರದಂತೆ ಕಾಣುತ್ತದೆ. ಆದರೆ ಲಾರಿ ಬಂದು ನಿಂತ ಕೂಡಲೇ, ನೀರು ಬೀಳುವ ಮೊದಲೇ ಬಾಣಲಿಯಲ್ಲಿ ಹಿಡಿದಿದ್ದರೆ ಆ ಕ್ಯೂಬುಗಳು ಸಲೀಸಾಗಿ ಪಾಸಾಗುತ್ತಿದ್ದವು, ಚಾವಣಿ ಮಾತ್ರ ದುರ್ಬಲವಾಗಿಯೇ ಉಳಿಯುತ್ತಿತ್ತು. ರಿಜಿಸ್ಟರಿನಲ್ಲಿ ಒಂದು ಸುಳ್ಳು ಅಂಕಿಯೂ ಇಲ್ಲದೆ ಇಡೀ ಪುಟ ಸುಳ್ಳಾಗುವುದು ಹೀಗೆ. ಅವರು ಇನ್ನೂ ಒಂದು ಒಳ್ಳೆಯ ಕೆಲಸ ಮಾಡಿದ್ದರು. ಯಾವ ಲಾರಿಯ ಕಾಂಕ್ರೀಟ್ ಚಾವಣಿಯ ಯಾವ ಭಾಗಕ್ಕೆ ಬಿತ್ತು ಎಂಬುದನ್ನು ನಕ್ಷೆಯ ಪ್ರತಿಯ ಮೇಲೆ ಪೆನ್ಸಿಲಿನಿಂದ ಗೆರೆ ಹಾಕಿ ಗುರುತಿಸಿದ್ದರು.

ಏಳನೆಯ ದಿನ ಮೊದಲ ಸೂಚನೆ ಬಂತು. ಸಾಧಾರಣವಾಗಿ 7 ದಿನಕ್ಕೆ ಅಂತಿಮ ಬಲದ ಮೂರನೇ ಎರಡು ಭಾಗದಷ್ಟು ಬಂದಿರುತ್ತದೆ. ಮೊದಲೆರಡು ಸ್ಯಾಂಪಲ್ಲುಗಳು 20 ನ್ಯೂಟನ್ನಿನ ಆಸುಪಾಸಿನಲ್ಲಿದ್ದರೆ, ಐದನೆಯ ಲಾರಿಯದು 14ರ ಹತ್ತಿರವಿತ್ತು. 7 ದಿನದ ಫಲಿತಾಂಶದಿಂದ ಕಾಂಕ್ರೀಟನ್ನು ಒಪ್ಪುವುದೂ ಇಲ್ಲ, ತಿರಸ್ಕರಿಸುವುದೂ ಇಲ್ಲ. ಆದರೆ ಅದನ್ನು ನೋಡಿ ಆ ಎಂಜಿನಿಯರ್ ಗುರುತು ಹಾಕಿಟ್ಟಿದ್ದ ಭಾಗದ ಕೆಳಗಿನ ಆಸರೆಗಳನ್ನು ತೆಗೆಯದಂತೆ ಬರಹದಲ್ಲಿ ಸೂಚನೆ ಕೊಟ್ಟರು, ಮೇಲೆ ಇಟ್ಟಿಗೆ ಪೇರಿಸದಂತೆ ತಡೆದರು. ಗುತ್ತಿಗೆದಾರರ ಕಡೆಯವರು ಆಸರೆಗಳು ಮುಂದಿನ ಮಹಡಿಗೆ ಬೇಕೆಂದು ಒತ್ತಾಯ ಮಾಡಿದರೂ ಅವರು ಜಗ್ಗಲಿಲ್ಲ.

ಇಪ್ಪತ್ತೆಂಟನೆಯ ದಿನ ಮೊದಲೆರಡು ಸ್ಯಾಂಪಲ್ಲುಗಳು 29.6 ಮತ್ತು 30.4 ಬಂದವು. ಐದನೆಯ ಲಾರಿಯ ಮೂರು ಕ್ಯೂಬುಗಳು 478, 462 ಮತ್ತು 491 ಕಿಲೋನ್ಯೂಟನ್ನಿಗೆ ಒಡೆದವು, ಲೆಕ್ಕಕ್ಕೆ 21.2, 20.5 ಮತ್ತು 21.8 ನ್ಯೂಟನ್, ಸರಾಸರಿ 21.2. ಮೂರೂ ಸರಾಸರಿಗೆ ಹತ್ತಿರವಿದ್ದುದರಿಂದ ಯಾವುದೋ ಒಂದು ಕ್ಯೂಬ್ ಕೆಟ್ಟಿದೆ ಎಂದು ಅದನ್ನು ಬಿಟ್ಟುಬಿಡಲು ಅವಕಾಶವಿರಲಿಲ್ಲ. ಅಚ್ಚು ಸಡಿಲವಾಗಿ ಮುಖ ಓರೆಯಾದಾಗಲೂ ಫಲಿತಾಂಶ ತಗ್ಗುತ್ತದೆ. ಆದರೆ ಅಂಥ ಕ್ಯೂಬ್ ಒಂದು ಮೂಲೆಯಿಂದ ಸೀಳಿ ಒಡೆಯುತ್ತದೆ. ಇವು ನಾಲ್ಕು ಬದಿಗಳಲ್ಲೂ ಸಮನಾಗಿ ಚಕ್ಕೆ ಎದ್ದು, ಡಮರುಗದ ಹಾಗೆ ನಡು ಸಣ್ಣಗಾಗಿ ಒಡೆದಿದ್ದವು. ಪರೀಕ್ಷೆ ಸರಿಯಾಗಿಯೇ ನಡೆದಿದೆ ಎನ್ನುವುದಕ್ಕೆ ಅದು ಗುರುತು.

ಆಗ ಗುತ್ತಿಗೆದಾರರ ಹಿರಿಯ ಎಂಜಿನಿಯರ್ ಆ ಕಿರಿಯ ಎಂಜಿನಿಯರ್ ಬಳಿ ಬಂದು, “ಮೇಡಂ, ಎಂ25ಕ್ಕೆ ನಾಲ್ಕು ಕಡಿಮೆ ಬಂದ್ರೂ ಕೋಡ್ ಒಪ್ಪುತ್ತೆ. ಇಪ್ಪತ್ತೊಂದರ ಮೇಲಿದೆ, ಸೈನ್ ಹಾಕಿ ಕೊಟ್ಬಿಡಿ, ಬಿಲ್ ಹೋಗ್ಬೇಕು” ಎಂದರು. ಅವರು ಕೆಟ್ಟವರಲ್ಲ, ಸುಳ್ಳು ಹೇಳುತ್ತಲೂ ಇರಲಿಲ್ಲ. ಅವರ ಮೇಜಿನ ಮೇಲಿದ್ದ ಐ.ಎಸ್. 456ರ 2000ದ ಮುದ್ರಣದಲ್ಲಿ ಎಂ20 ಮತ್ತು ಅದಕ್ಕೂ ಮೇಲಿನ ದರ್ಜೆಗಳಿಗೆ ಯಾವುದೇ ಒಂದು ಸ್ಯಾಂಪಲ್ ನಿಗದಿತ ಬಲಕ್ಕಿಂತ 4 ನ್ಯೂಟನ್ನಿಗಿಂತ ಹೆಚ್ಚು ಕಡಿಮೆಯಾಗಬಾರದು ಎಂದೇ ಇದೆ. ಆ ಲೆಕ್ಕದಲ್ಲಿ ಮಿತಿ 21, ಬಂದಿರುವುದು 21.2. ಆದರೆ 2013ರಲ್ಲಿ ಬಂದ ನಾಲ್ಕನೆಯ ತಿದ್ದುಪಡಿ ಆ 4ನ್ನು 3ಕ್ಕೆ ಇಳಿಸಿತು. ಅದರಂತೆ ಮಿತಿ 22. ನಾಲ್ಕು ಅನುಕ್ರಮ ಸ್ಯಾಂಪಲ್ಲುಗಳ ಸರಾಸರಿಗೆ ಇನ್ನೊಂದು ನಿಯಮವಿದೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ, ಏಕೆಂದರೆ ಈ ಒಂದೇ ಸ್ಯಾಂಪಲ್ ತನ್ನಷ್ಟಕ್ಕೆ ಮಿತಿಯ ಕೆಳಗಿತ್ತು.

ಜೀವನಪರ್ಯಂತ ಕಲಿಕೆ ಎಂದು ನಿಮಗೆ ಹೇಳಲು ನನಗೆ ಇದಕ್ಕಿಂತ ನೇರವಾದ ಉದಾಹರಣೆ ಬೇರೆ ಸಿಗಲಿಲ್ಲ. ಆ ಹಿರಿಯರು ಓದಿದ್ದು ಸರಿಯಾಗಿತ್ತು, ನೆನಪೂ ಸರಿಯಾಗಿತ್ತು, ಅನುಭವ ಬೇಕಾದಷ್ಟಿತ್ತು. ಆದರೆ ಓದಿದ ಪುಟ ಈ ನಡುವೆ ಬದಲಾಗಿತ್ತು, ಬದಲಾದುದನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಅವರೂ ನೋಡಿರಲಿಲ್ಲ. ಪ್ರಾಮಾಣಿಕ ಮನುಷ್ಯನೊಬ್ಬ ತಪ್ಪು ವರದಿಗೆ ಸಹಿ ಹಾಕಲು ಇಷ್ಟೇ ಸಾಕು. ಕಲಿಕೆ ಮತ್ತು ನೀತಿಯನ್ನು ಎರಡು ಬೇರೆ ವಿಷಯಗಳೆಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದರೂ, ನಾನು ಇಡೀ ಪತ್ರದಲ್ಲಿ ಅವನ್ನು ಒಂದೇ ಎಂದು ನೋಡುತ್ತಿರುವುದಕ್ಕೆ ಇದೇ ಕಾರಣ.

ಇಂಥ ಬದಲಾವಣೆಗಳು ಅಪರೂಪವೂ ಅಲ್ಲ. ನಾನು ವೃತ್ತಿಗೆ ಬಂದಾಗ ಐ.ಎಸ್. 456ರ 1978ರ ಆವೃತ್ತಿ ಹೊಸದಾಗಿತ್ತು. ವರ್ಕಿಂಗ್ ಸ್ಟ್ರೆಸ್ ಪದ್ಧತಿಯಲ್ಲಿ ಪಳಗಿದ್ದ ನನ್ನ ಹಿರಿಯರು ಲಿಮಿಟ್ ಸ್ಟೇಟ್ ಪದ್ಧತಿಯನ್ನು ಮೊದಲಿನಿಂದ ಕಲಿಯಬೇಕಾಯಿತು; ಸಂಜೆ ಕಚೇರಿ ಮುಗಿದ ಮೇಲೆ ನಮ್ಮಂಥ ಹುಡುಗರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಬಿಡಿಸುತ್ತಿದ್ದ ಹಿರಿಯರನ್ನು ನಾನು ನೋಡಿದ್ದೇನೆ. ಕ್ಯೂಬ್ ಪರೀಕ್ಷೆಯ ವಿಧಾನವನ್ನು ಹೇಳುವ ಐ.ಎಸ್. 516 ಬಹುಕಾಲ 1959ರ ಒಂದೇ ಪುಸ್ತಕವಾಗಿತ್ತು. ಈಗ ಅದು ಹಲವು ಭಾಗಗಳಾಗಿ ಒಡೆದು, ಬಲದ ಪರೀಕ್ಷೆಯ ಭಾಗ 2021ರಲ್ಲಿ ಹೊಸದಾಗಿ ಬಂದಿದೆ. ಮಿಶ್ರಣದ ವಿನ್ಯಾಸ ಹೇಳುವ ಐ.ಎಸ್. 10262, 1982ರ ನಂತರ 2009ರಲ್ಲಿ, ಮತ್ತೆ 2019ರಲ್ಲಿ ಪರಿಷ್ಕಾರಗೊಂಡಿತು. ಭಾರತೀಯ ಮಾನಕ ಬ್ಯೂರೋ ಈ ಮಾನಕಗಳನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತಿದೆ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನಿಮ್ಮ ಕಚೇರಿಯ ಕಪಾಟಿನಲ್ಲಿರುವ ಪ್ರತಿಗಳ ವರ್ಷವನ್ನು ನೋಡಿ, ಜಾಲತಾಣದಲ್ಲಿರುವುದರ ಜೊತೆ ಹೋಲಿಸಿ, ಹಳೆಯದಾದುದರ ರಕ್ಷಾಪುಟದ ಮೇಲೆ ಹಾಗೆಂದು ಬರೆದಿಡಿ. ಒಂದು ಮಧ್ಯಾಹ್ನದ ಕೆಲಸವಿದು. ನಮ್ಮ ಕಡೆ ಪ್ರತಿ ಸೆಪ್ಟೆಂಬರ್ 15ರಂದು ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕಿ ಎಂಜಿನಿಯರುಗಳ ದಿನ ಆಚರಿಸುತ್ತೇವೆ. ಅಂದೇ ಪ್ರತಿ ಕಚೇರಿಯಲ್ಲೂ ಆ ವರ್ಷ ಬಂದ ತಿದ್ದುಪಡಿಗಳನ್ನು ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ತಮ್ಮ ಪ್ರತಿಗಳಲ್ಲಿ ತಿದ್ದಿಕೊಳ್ಳುವ ಪದ್ಧತಿ ಮೈಸೂರು, ಮಂಡ್ಯದಿಂದಲೇ ಶುರುವಾಗಲಿ ಎಂದು ಹಿರಿಯ ಎಂಜಿನಿಯರುಗಳನ್ನು ಕಳಕಳಿಯಿಂದ ಕೋರುತ್ತೇನೆ.

ಮತ್ತೆ ಆ ಚಾವಣಿಗೆ ಬರುತ್ತೇನೆ. ಆ ಕಿರಿಯ ಎಂಜಿನಿಯರ್ ತಿದ್ದುಪಡಿಯ ಪ್ರತಿಯನ್ನು ಹಿರಿಯರ ಮುಂದಿಟ್ಟರು. ಅವರು ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಏನ್ ಮಾಡೋಣ?” ಎಂದು ಕೇಳಿದರಂತೆ. ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿರುವುದೇ ಬಹಳಷ್ಟು ಸುಳ್ಳು ದಾಖಲೆಗಳ ಬೇರು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕ್ಯೂಬ್ ಫೇಲಾಯಿತೆಂದರೆ ಕಟ್ಟಡ ಒಡೆಯಬೇಕು, ಗುತ್ತಿಗೆದಾರ ಮುಳುಗಬೇಕು, ತನ್ನ ಕೆಲಸ ಹೋಗಬೇಕು ಎಂದು ಹೊಸ ಎಂಜಿನಿಯರ್ ಹೆದರುತ್ತಾನೆ. ಆ ಹೆದರಿಕೆಯಲ್ಲಿ 21ನ್ನು 26 ಮಾಡುತ್ತಾನೆ. ಮಾನಕ ಅಷ್ಟು ಕಠೋರವಾಗಿಲ್ಲ. ಕ್ಯೂಬ್ ಪರೀಕ್ಷಿಸುವುದು ಬಂದ ಕಾಂಕ್ರೀಟನ್ನು. ಚಾವಣಿಯಲ್ಲಿ ಕೂತಿರುವ ಕಾಂಕ್ರೀಟ್ ಹೇಗಿದೆ ಎಂದು ತಿಳಿಯಲು ಅದು ಬೇರೆ ದಾರಿ ಕೊಟ್ಟಿದೆ.

ಮೊದಲು ಸಂಶಯದ ಭಾಗ ಎಷ್ಟೆಂದು ಗೊತ್ತುಮಾಡಿಕೊಳ್ಳಬೇಕು. ಪೆನ್ಸಿಲಿನ ಗೆರೆಗಳಿದ್ದುದರಿಂದ ಇದು ಸುಲಭವಾಯಿತು. ತೊಲೆಗಳನ್ನು ಬಿಟ್ಟು ಹೇಳುವುದಾದರೆ, 150 ಮಿಲಿಮೀಟರ್ ದಪ್ಪದ ಚಾವಣಿಯಲ್ಲಿ 4 ಘನ ಮೀಟರ್ ಕಾಂಕ್ರೀಟ್ ಹರಡುವುದು ಸುಮಾರು 27 ಚದರ ಮೀಟರಿನಷ್ಟು, ಅಂದರೆ 290 ಚದರ ಅಡಿಯ ಆಸುಪಾಸು. ಆ ಗೆರೆಗಳಿಲ್ಲದಿದ್ದರೆ ಇಡೀ ಚಾವಣಿಯನ್ನೇ ಸಂಶಯದಿಂದ ನೋಡಬೇಕಾಗುತ್ತಿತ್ತು. ರೀಬೌಂಡ್ ಹ್ಯಾಮರಿನಿಂದ ಆ ಭಾಗವನ್ನೂ ಪಕ್ಕದ ಭಾಗವನ್ನೂ ತಟ್ಟಿ ನೋಡಿ, ಎಲ್ಲಿಂದ ಎಲ್ಲಿಯವರೆಗೆ ವ್ಯತ್ಯಾಸವಿದೆ ಎಂದು ಖಚಿತಪಡಿಸಿಕೊಂಡೆವು. ಆ ಉಪಕರಣ ಒಂದು ಜಾಗವನ್ನು ಇನ್ನೊಂದು ಜಾಗಕ್ಕೆ ಹೋಲಿಸಲು ಒಳ್ಳೆಯದು. ಅದರ ಅಂಕಿಯನ್ನೇ ಬಲವೆಂದು ನಂಬಿದರೆ ನಾಲ್ಕನೇ ಒಂದು ಭಾಗದಷ್ಟು ಅತ್ತಿತ್ತ ಆಗಬಹುದು, ಆದ್ದರಿಂದ ಅದರ ಮೇಲೆ ತೀರ್ಮಾನ ಮಾಡಬಾರದು.

ತೀರ್ಮಾನ ಮಾಡಿದ್ದು ಕೋರ್ ಪರೀಕ್ಷೆಯಿಂದ. ಕಂಬಿ ಎಲ್ಲಿದೆ ಎಂದು ಕವರ್ ಮೀಟರಿನಿಂದ ಪತ್ತೆ ಮಾಡಿ, ಕಂಬಿಗೆ ತಾಗದಂತೆ 75 ಮಿಲಿಮೀಟರ್ ವ್ಯಾಸದ ಮೂರು ತುಂಡುಗಳನ್ನು ಚಾವಣಿಯಿಂದಲೇ ಕೊರೆದು ತೆಗೆದೆವು. ದುಂಡು ತುಂಡಿನ ಬಲವನ್ನು ಕ್ಯೂಬಿನ ಬಲಕ್ಕೆ ಪರಿವರ್ತಿಸಲು ಅದನ್ನು 1.25ರಿಂದ ಗುಣಿಸುತ್ತಾರೆ. ತುಂಡಿನ ಅಳತೆಗೆ ತಕ್ಕಂತೆ ಸರಿಹೊಂದಿಸಿದ ಬಲ 18.1, 16.9 ಮತ್ತು 18.6 ಬಂದಿತ್ತು, ಗುಣಿಸಿದಾಗ 22.6, 21.1 ಮತ್ತು 23.3, ಸರಾಸರಿ 22.3. ಮಾನಕ ಕೇಳುವುದು ಸರಾಸರಿ ನಿಗದಿತ ಬಲದ ಶೇಕಡ 85, ಅಂದರೆ 21.25 ಇರಬೇಕು ಮತ್ತು ಯಾವುದೂ ಶೇಕಡ 75ಕ್ಕಿಂತ, ಅಂದರೆ 18.75ಕ್ಕಿಂತ ಕೆಳಗಿರಬಾರದು ಎಂದು. ಎರಡೂ ದಾಟಿದ್ದವು. ದಾಟದೆ ಹೋಗಿದ್ದರೆ ಭಾರದ ಪರೀಕ್ಷೆ ಇತ್ತು, ಅದೂ ಆಗದಿದ್ದರೆ ಆ ಭಾಗಕ್ಕೆ ಕೆಳಗಿನಿಂದ ಬಲವರ್ಧನೆ ಮಾಡಬಹುದಿತ್ತು. ಒಡೆಯುವುದು ಎಲ್ಲಕ್ಕಿಂತ ಕೊನೆಯ ಮಾತು. ನಾನು ಬಂದ ಬಲವನ್ನೇ ಹಿಡಿದು ಆ ಭಾಗದ ವಿನ್ಯಾಸವನ್ನು ಮತ್ತೊಮ್ಮೆ ಲೆಕ್ಕ ಹಾಕಿ ನೋಡಿದೆ. ಕೊರೆದ ರಂಧ್ರಗಳನ್ನು ಕುಗ್ಗದ ಗ್ರೌಟಿನಿಂದ ಮುಚ್ಚಿಸಿ, ತೇವ ಇಳಿಯದಂತೆ ಮೇಲ್ಮೈಗೆ ಬೇಕಾದ ರಕ್ಷಣೆ ಮಾಡಿಸಿ, ನಡೆದುದನ್ನೆಲ್ಲ ಮಾಲೀಕರಿಗೆ ಬರೆದು ತಿಳಿಸಿ ಚಾವಣಿಯನ್ನು ಒಪ್ಪಿದೆವು. ಪರೀಕ್ಷೆಯ ಖರ್ಚು ಗುತ್ತಿಗೆದಾರರ ಮೇಲೆ ಬಿತ್ತು, ಬಿಲ್ ಕೆಲವು ವಾರ ತಡವಾಯಿತು. ನಿಜವಾಗಿ ಆದ ನಷ್ಟ ಅಷ್ಟೇ.

ಈ ಎಲ್ಲದರಲ್ಲಿ ಆ ಎಂಜಿನಿಯರ್ ಹೇಗೆ ಬರೆದರು ಎಂಬುದನ್ನು ನೀವು ಗಮನಿಸಬೇಕು. ಸೈಟಿನ ಆರ್ಡರ್ ಪುಸ್ತಕದಲ್ಲಿ ಅವರು ಯಾರನ್ನೂ ದೂರಲಿಲ್ಲ. ತಾರೀಖು, ಲಾರಿಯ ಸಂಖ್ಯೆ, ಪ್ಲಾಂಟಿನಿಂದ ಹೊರಟ ಸಮಯ, ಸೈಟಿಗೆ ಬಂದ ಸಮಯ, ಮೂರು ಕ್ಯೂಬುಗಳ ಭಾರ, ಅನ್ವಯಿಸುವ ಮಿತಿ, ಆಸರೆ ತೆಗೆಯಬಾರದೆಂಬ ಸೂಚನೆ, ವಿನ್ಯಾಸಕಾರರ ಅಭಿಪ್ರಾಯ ಬೇಕೆಂಬ ಕೋರಿಕೆ, ಇಷ್ಟನ್ನೇ ಬರೆದು ಸಹಿ ಮಾಡಿ, ನನಗೂ ಮಾಲೀಕರಿಗೂ ಪ್ರತಿ ಕಳಿಸಿದರು. ಫೋನಿನಲ್ಲಿ ಹೇಳಿ ಸುಮ್ಮನಾಗಲಿಲ್ಲ. ಕಾಗದದ ಮೇಲೆ ಅಂಕಿ ಬಂದ ಮೇಲೆ ಅದನ್ನು ಒತ್ತಡ ಹೇರಿ ಅಳಿಸುವುದು ಕಷ್ಟ, ಏಕೆಂದರೆ ಅಳಿಸುವಂತೆ ಹೇಳುವವರೂ ಬರಹದಲ್ಲೇ ಹೇಳಬೇಕಾಗುತ್ತದೆ. ಎಲ್ಲ ಕಡೆಯೂ ಇಷ್ಟು ಸಲೀಸಾಗಿ ಮುಗಿಯುತ್ತದೆ ಎಂದು ನಾನು ನಿಮಗೆ ಭರವಸೆ ಕೊಡಲಾರೆ. ಸಹಿ ಹಾಕದ ಕಾರಣಕ್ಕೆ ಬೇರೆ ಸೈಟಿಗೆ ಎತ್ತಂಗಡಿಯಾದವರನ್ನು, ಕೆಲಸವನ್ನೇ ಬಿಡಬೇಕಾಗಿ ಬಂದವರನ್ನು ನಾನು ಬಲ್ಲೆ. ಮನೆಯಲ್ಲಿ ಶಿಕ್ಷಣದ ಸಾಲವಿರುವ ಹುಡುಗನಿಗೆ ಅದು ಸಣ್ಣ ಮಾತಲ್ಲ. ಆದ್ದರಿಂದಲೇ ಈ ಹೊರೆಯನ್ನು ಹೊಸಬರೊಬ್ಬರ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಕಿರಿಯರು ಕೆಟ್ಟ ಫಲಿತಾಂಶ ತಂದಾಗ ಹಿರಿಯರಾದವರು ಮೊದಲು “ಒಳ್ಳೇದಾಯ್ತು, ಈಗಲೇ ಗೊತ್ತಾಯ್ತು” ಎನ್ನಬೇಕು. ಅದಕ್ಕೆ ಬದಲಾಗಿ ಮುಖ ಸಿಂಡರಿಸಿದರೆ ಮುಂದಿನ ಸಲ ಆ ಫಲಿತಾಂಶ ಅವರ ಮೇಜಿಗೆ ಬರುವುದೇ ಇಲ್ಲ.

ಸುಳ್ಳು ರಿಜಿಸ್ಟರನ್ನು ಗುರುತಿಸುವುದು ಹೇಗೆ ಎಂಬುದನ್ನೂ ಹೇಳುತ್ತೇನೆ, ಏಕೆಂದರೆ ಒಂದು ದಿನ ಬೇರೆಯವರ ರಿಜಿಸ್ಟರ್ ನಿಮ್ಮ ಕೈಗೆ ಬರುತ್ತದೆ. ತಾರೀಖು ನೋಡಿ: ಫೆಬ್ರವರಿ 10ರಂದು ಎರಕ ಹೊಯ್ದ ಕ್ಯೂಬಿಗೆ ಮಾರ್ಚ್ 5ರಂದೇ 28 ದಿನದ ಫಲಿತಾಂಶ ಬರೆದಿರುವುದುಂಟು. ಆಮೇಲೆ ಅಂಕಿಗಳ ಏರಿಳಿತ ನೋಡಿ. ಪ್ರಾಮಾಣಿಕವಾಗಿ ಮಾಡಿದ ಕಾಂಕ್ರೀಟ್ ಒಂದೇ ಬಲ ಕೊಡುವುದಿಲ್ಲ. ಮರಳಿನ ತೇವ, ಹವೆ, ಸಿಮೆಂಟ್, ಕುಟ್ಟಿದ ಕೈ ಎಲ್ಲವೂ ದಿನದಿನಕ್ಕೆ ಬದಲಾಗುತ್ತವೆ. ಎಂ25ಕ್ಕೆ ಮಾನಕವೇ 4 ನ್ಯೂಟನ್ನಿನ ಪ್ರಮಾಣ ವಿಚಲನೆಯನ್ನು ಊಹಿಸಿಕೊಂಡು, ಮಿಶ್ರಣದ ಗುರಿಯನ್ನು 31.6ಕ್ಕೆ ಇಡಲು ಹೇಳುತ್ತದೆ. ಅಂಥ ಕಾಂಕ್ರೀಟಿನ ಫಲಿತಾಂಶಗಳು ಒಮ್ಮೆ 27, ಒಮ್ಮೆ 35 ಎಂದು ಅಡ್ಡಾಡುವುದೇ ಸಹಜ. ತಿಂಗಳುಗಟ್ಟಲೆ 31.1, 31.4, 31.2 ಎಂದು ಸಾಲಾಗಿ ಬರೆದಿರುವ ಪುಟವನ್ನು ಕಂಡರೆ, ಅಲ್ಲಿ ಕ್ಯೂಬ್ ಒಡೆದಿಲ್ಲ, ಯಾರೋ ಕೂತು ಬರೆದಿದ್ದಾರೆ ಎಂದು ತಿಳಿಯಿರಿ. ಪರೀಕ್ಷಾ ಯಂತ್ರದ ಕ್ಯಾಲಿಬ್ರೇಷನ್ ಪ್ರಮಾಣಪತ್ರವನ್ನೂ ಕೇಳಿ ನೋಡಿ.

ಈಗ ಅಧ್ಯಾಪಕರಲ್ಲಿ ಒಂದು ಮಾತು, ಗೌರವದಿಂದ. ಹೀಗೆ ಕೂತು ಬರೆಯುವುದನ್ನು ವಿದ್ಯಾರ್ಥಿಗಳು ಸೈಟಿನಲ್ಲಿ ಕಲಿಯುವುದಿಲ್ಲ, ಕಾಲೇಜಿನ ಕಾಂಕ್ರೀಟ್ ಪ್ರಯೋಗಾಲಯದಲ್ಲೇ ಕಲಿತು ಬರುತ್ತಾರೆ. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ನೋಡಿ ಅಂಕಿ ಇಳಿಸಿಕೊಳ್ಳುವುದು, ಬಂದ ಉತ್ತರ “ಸರಿಯಾದ” ಉತ್ತರಕ್ಕೆ ಹೊಂದದಿದ್ದರೆ ಅಳತೆಯನ್ನು ತಿದ್ದಿ ಹೊಂದಿಸುವುದು ನಮ್ಮ ಬಹಳಷ್ಟು ಕಾಲೇಜುಗಳಲ್ಲಿ ತಪ್ಪೆಂದೇ ಎನಿಸಿಕೊಳ್ಳದಷ್ಟು ರೂಢಿಯಾಗಿದೆ. ಅಂಕಿ ಹೊಂದಲಿಲ್ಲವೆಂದು ಅಂಕ ಕಳೆಯುವವರು ನಾವೇ ಆದರೆ, ಅದನ್ನು ತಿದ್ದಿದ ವಿದ್ಯಾರ್ಥಿಯನ್ನು ಬೈಯುವ ಅಧಿಕಾರ ನಮಗೆ ಉಳಿಯುವುದಿಲ್ಲ. ತಾನೇ ತುಂಬಿ, ತಾನೇ ನೀರಿನಲ್ಲಿಟ್ಟು, ತಾನೇ ಒಡೆದ ಕ್ಯೂಬ್ 18 ನ್ಯೂಟನ್ ಬಂದರೆ 18 ಎಂದೇ ಬರೆದು, ಯಾಕೆ ಹಾಗಾಯಿತು ಎಂದು ಅರ್ಧ ಪುಟ ವಿವರಿಸಿದ ವಿದ್ಯಾರ್ಥಿಗೆ ಪೂರ್ಣ ಅಂಕ ಕೊಡುವ ನಿಯಮವನ್ನು ದಯವಿಟ್ಟು ಮಾಡಿ. ಜೊತೆಗೆ ಒಂದು ಕ್ಯೂಬಿಗೆ ಸರಿಯಾದಷ್ಟು ನೀರು, ಇನ್ನೊಂದಕ್ಕೆ ಬೇಕೆಂದೇ ಹೆಚ್ಚು ನೀರು ಹಾಕಿಸಿ ಎರಡನ್ನೂ ಅವರ ಕಣ್ಣೆದುರಿಗೇ ಒಡೆಸಿ. ಸಾಧ್ಯವಾದರೆ ಹತ್ತಿರದ ಸೈಟಿನ ಮೇಸ್ತ್ರಿಗಳನ್ನೂ ಪಂಪ್ ನಡೆಸುವವರನ್ನೂ ಅಂದು ಪ್ರಯೋಗಾಲಯಕ್ಕೆ ಕರೆಯಿರಿ. ವಿದ್ಯಾರ್ಥಿನಿಲಯದ ಆ ಚಾವಣಿಯ ಕೆಲಸಗಾರರಿಗೆ ನಾವು ಹೀಗೆಯೇ ತೋರಿಸಿದೆವು. ಮುಂದಿನ ಮಹಡಿಯ ಎರಕದ ದಿನ ಲಾರಿಗೆ ನೀರು ಹಾಕಲು ಹೊರಟ ಹುಡುಗನನ್ನು ತಡೆದವರು ಅವರ ಮೇಸ್ತ್ರಿಯೇ.

ಆ ಪ್ರಕರಣದ ರಿಜಿಸ್ಟರ್ ಪುಟ, ಪೆನ್ಸಿಲ್ ಗೆರೆಗಳಿರುವ ನಕ್ಷೆ, ಆರ್ಡರ್ ಪುಸ್ತಕದ ಬರಹ ಮತ್ತು ಕೋರ್ ಪರೀಕ್ಷೆಯ ವರದಿಯ ನಕಲುಗಳು ನನ್ನ ಬಳಿ ಇವೆ. ಮಾಲೀಕರ ಒಪ್ಪಿಗೆ ಪಡೆದು, ಹೆಸರುಗಳನ್ನು ತೆಗೆದು, ಒಂದು ಕಡತ ಮಾಡಿಟ್ಟಿದ್ದೇನೆ. ಪಾಠಕ್ಕೆ ಬಳಸಲು ಬಯಸುವ ಮೈಸೂರು, ಮಂಡ್ಯದ ಯಾವುದೇ ಕಾಲೇಜಿನ ಸಿವಿಲ್ ವಿಭಾಗಕ್ಕೆ ಅದರ ಪ್ರತಿಯನ್ನು ಕೊಡುತ್ತೇನೆ, ಕರೆದರೆ ಬಂದು ಪುಟಪುಟವಾಗಿ ವಿವರಿಸುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಹಿರಿಯ ಸ್ಟ್ರಕ್ಚರಲ್ ಎಂಜಿನಿಯರ್
ಮೈಸೂರು